ಅಣಕು ಎಲ್ಲಿ ಮುಗಿಯುತ್ತದೆ, ಮೋಸ ಎಲ್ಲಿ ಶುರುವಾಗುತ್ತದೆ?

ನಮ್ಮ ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಎಲೆಕ್ಟ್ರಾನಿಕ್ ಸಿಟಿ ಸಿಗುತ್ತದೆ. ಅಲ್ಲಿ ಇನ್ಫೋಸಿಸ್ ಇದೆ. ಆ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರ ಮುಖ ನಮ್ಮ ಕಡೆಯ ಎಲ್ಲರಿಗೂ ಪರಿಚಿತ. 2023ರಲ್ಲಿ ಆ ಮುಖ ಕೆಲವು ವಿಡಿಯೊಗಳಲ್ಲಿ ಕಾಣಿಸಿಕೊಂಡು, ಒಂದು ಟ್ರೇಡಿಂಗ್ ಆ್ಯಪ್‌ನಲ್ಲಿ ಹಣ ಹಾಕಿ, ಮೊದಲ ದಿನವೇ ದೊಡ್ಡ ಮೊತ್ತ ಗಳಿಸಿ ಎಂದು ಹೇಳತೊಡಗಿತು. ಮುಖ ಅವರದೇ, ದನಿಯೂ ಅವರದೇ ಎನ್ನುವಂತಿತ್ತು. ಮಾತು ಮಾತ್ರ ಅವರದಲ್ಲ. 2023ರ ಡಿಸೆಂಬರ್‌ನಲ್ಲಿ ಅವರೇ ಎಕ್ಸ್‌ನಲ್ಲಿ ಬರೆದು, ಇಂಥ ಯಾವ ಆ್ಯಪ್‌ಗೂ ತಾನು ಬೆಂಬಲ ಕೊಟ್ಟಿಲ್ಲ, ಹಣ ಹೂಡಿಲ್ಲ, ಈ ವಿಡಿಯೊಗಳು ನಕಲಿ ಎಂದು ತಿಳಿಸಬೇಕಾಯಿತು.

ಇದು ಮೋಸ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಇದೇ ಬಗೆಯ ತಂತ್ರ ಬಳಸಿ ಹುಡುಗರು ಒಬ್ಬ ಮಂತ್ರಿಯ ಮುಖವನ್ನು ಸಿನಿಮಾ ಹೀರೊನ ಮೈಗೆ ಅಂಟಿಸಿ ಕುಣಿಸುತ್ತಾರೆ. ಅದನ್ನು ನೋಡಿ ನಾವೆಲ್ಲ ನಗುತ್ತೇವೆ, ಗ್ರೂಪಿಗೆ ಕಳಿಸುತ್ತೇವೆ. ಅದೂ ಸುಳ್ಳೇ ಅಲ್ಲವೇ? ಮಂತ್ರಿ ಕುಣಿದಿಲ್ಲವಲ್ಲ! ಹಾಗಾದರೆ ಒಂದನ್ನು ಅಣಕು ಎಂದು ಬಿಡುವುದು, ಇನ್ನೊಂದನ್ನು ಅಪರಾಧ ಎಂದು ಹಿಡಿಯುವುದು ಯಾವ ಲೆಕ್ಕದ ಮೇಲೆ? ಈ ಲೇಖನದಲ್ಲಿ ಆ ಗೆರೆಯನ್ನು ಹುಡುಕೋಣ.

ಹಳೆಯ ಅಣಕಿಗೆ ಗುರುತು ತಾನೇ ಇರುತ್ತಿತ್ತು

ದೊಡ್ಡವರನ್ನು ಅಣಕಿಸುವುದು ಕನ್ನಡಕ್ಕೆ ಹೊಸದಲ್ಲ. 1942ರಲ್ಲಿ ಡಾ. ಎಂ. ಶಿವರಾಂ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಆರಂಭಿಸಿದರು. ಮೈಸೂರಿನ ಆರ್. ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ವ್ಯಂಗ್ಯಚಿತ್ರ ಬರೆದವರು. ವ್ಯಂಗ್ಯಚಿತ್ರಕಾರ ಒಬ್ಬ ನಾಯಕನ ಮೂಗನ್ನು ಮೊಳದುದ್ದ ಎಳೆದು, ಬಾಯಲ್ಲಿ ಅವನು ಎಂದೂ ಆಡದ ಮಾತು ಇಟ್ಟರೂ ಓದುವವನು ಮೋಸಹೋಗುವುದಿಲ್ಲ. ಅದು ಶಾಯಿಯಲ್ಲಿ ಬರೆದ ಚಿತ್ರ ಎಂದು ಕಣ್ಣಿಗೆ ಕಾಣುತ್ತದೆ. ವೇದಿಕೆಯ ಮೇಲೆ ಮಿಮಿಕ್ರಿ ಮಾಡುವವರ ವಿಷಯವೂ ಅಷ್ಟೇ. ದನಿ ಮುಖ್ಯಮಂತ್ರಿಯದಾದರೂ ಎದುರಿಗೆ ನಿಂತ ಮುಖ ಕಲಾವಿದನದು. ಆ ಎರಡರ ನಡುವಿನ ಅಂತರದಿಂದಲೇ ನಗು ಹುಟ್ಟುತ್ತದೆ.

ಅಂದರೆ ಹಳೆಯ ಅಣಕಿನಲ್ಲಿ ‘ಇದು ನಿಜವಲ್ಲ’ ಎಂಬ ಚೀಟಿಯನ್ನು ಬೇರೆಯಾಗಿ ಅಂಟಿಸುವ ಅಗತ್ಯವೇ ಇರಲಿಲ್ಲ. ಶಾಯಿ, ಮುಖವಾಡ, ಕಲಾವಿದನ ಮುಖ, ಇವೇ ಆ ಚೀಟಿ. ಮುಖ ಬದಲಿಸುವ ವಿಡಿಯೊ ಬಂದಾಗ ಕಳೆದುಹೋದದ್ದು ಈ ಚೀಟಿ. ಮುಂದಿನ ಎಲ್ಲ ಗೊಂದಲಕ್ಕೂ ಇದೇ ಮೂಲ.

ಮುಖ ಬದಲಾಗುವುದು ಹೇಗೆ?

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಮುಖ ಬದಲಿಸುವುದು. ಒಬ್ಬರ ಮೈ, ಬಟ್ಟೆ, ಹಿನ್ನೆಲೆ ಎಲ್ಲ ಹಾಗೇ ಇರುತ್ತದೆ, ಮುಖದ ಭಾಗ ಮಾತ್ರ ಇನ್ನೊಬ್ಬರದಾಗುತ್ತದೆ. ಕಂಪ್ಯೂಟರ್ ಮೊದಲು ಪ್ರತಿ ಫ್ರೇಮಿನಲ್ಲೂ ಕಣ್ಣು, ಮೂಗು, ತುಟಿ, ಗಲ್ಲ ಎಲ್ಲಿವೆ ಎಂದು ಗುರುತಿಸುತ್ತದೆ. ಆ ಮುಖ ಯಾವ ಕಡೆ ತಿರುಗಿದೆ, ನಗುತ್ತಿದೆಯೇ, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಅದೇ ಭಾವ, ಅದೇ ಬೆಳಕಿನಲ್ಲಿ ಇನ್ನೊಬ್ಬರ ಮುಖ ಹೇಗೆ ಕಾಣಬೇಕೋ ಹಾಗೆ ಹೊಸದಾಗಿ ಬರೆದು ಅಂಚುಗಳನ್ನು ಬೆರೆಸುತ್ತದೆ. ಮೊದಮೊದಲು ಇದಕ್ಕೆ ಆ ವ್ಯಕ್ತಿಯ ನೂರಾರು ಫೋಟೊ ಬೇಕಿತ್ತು, ಈಗ ಒಂದು ಫೋಟೊ ಸಾಕೆನ್ನುವ ಆ್ಯಪ್‌ಗಳಿವೆ.

ಎರಡನೆಯದು ಮಾತು ಬದಲಿಸುವುದು. ಇಲ್ಲಿ ವಿಡಿಯೊ ಬಹುಪಾಲು ಅಸಲಿ. ಯಾವುದೋ ಸಭೆಯಲ್ಲಿ ಆ ವ್ಯಕ್ತಿಯೇ ಮಾತಾಡಿದ ದೃಶ್ಯ ತೆಗೆದುಕೊಂಡು, ಬಾಯಿಯ ಸುತ್ತಲ ಭಾಗವನ್ನು ಮಾತ್ರ ಬದಲಿಸಿ, ಅವರ ದನಿಯನ್ನು ಹೋಲುವ ನಕಲಿ ದನಿ ಕೂಡಿಸುತ್ತಾರೆ. ಮೂರ್ತಿಯವರ ಹೆಸರಿನ ವಿಡಿಯೊಗಳು ಈ ಜಾತಿಯವು. ಮುಖ, ಸೂಟು, ವೇದಿಕೆ ಎಲ್ಲ ನಿಜವಾದ್ದರಿಂದ ಇದನ್ನು ಹಿಡಿಯುವುದು ಹೆಚ್ಚು ಕಷ್ಟ.

ತಂತ್ರ ಯಾವುದೇ ಇರಲಿ, ಅದರಿಂದಲೇ ತಪ್ಪು ಸರಿ ತೀರ್ಮಾನವಾಗುವುದಿಲ್ಲ. ಇದನ್ನು ತಿಳಿಯಲು ಮೂರು ನಿಜವಾದ ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಒಂದು: ಕುಣಿದ ಪ್ರಧಾನಿ

2024ರ ಮೇ ತಿಂಗಳು, ಲೋಕಸಭಾ ಚುನಾವಣೆಯ ಕಾಲ. ಅಮೆರಿಕದ ರ‍್ಯಾಪ್ ಗಾಯಕ ಲಿಲ್ ಯಾಚಿ 2021ರ ಸಂಗೀತ ಕಾರ್ಯಕ್ರಮವೊಂದರಲ್ಲಿ ಕುಣಿಯುತ್ತ ವೇದಿಕೆಗೆ ಬರುವ ದೃಶ್ಯ ಅಂತರ್ಜಾಲದಲ್ಲಿ ಪ್ರಸಿದ್ಧವಾಗಿತ್ತು. ಜನ ಅದರಲ್ಲಿ ತಮಗೆ ಬೇಕಾದವರ ರೂಪ ಕೂರಿಸಿ ಹಂಚುತ್ತಿದ್ದರು. ಯಾರೋ ಅದಕ್ಕೆ ಪ್ರಧಾನಿ ನರೇಂದ್ರ ಮೋದಿಯವರ ರೂಪ ಕೂರಿಸಿದರು. ಮೇ 6ರಂದು ಮೋದಿಯವರೇ ಅದನ್ನು ಎಕ್ಸ್‌ನಲ್ಲಿ ಹಂಚಿಕೊಂಡು, ನಿಮ್ಮೆಲ್ಲರಂತೆ ನಾನೂ ನನ್ನ ಕುಣಿತ ನೋಡಿ ಖುಷಿಪಟ್ಟೆ ಎಂಬರ್ಥದ ಮಾತು ಬರೆದರು. ಅದೇ ದಿನಗಳಲ್ಲಿ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ರೂಪ ಹಾಕಿದ ಇಂಥದೇ ವಿಡಿಯೊವನ್ನು ಹಂಚಿದವರಿಗೆ ಕೋಲ್ಕತ್ತ ಪೊಲೀಸರು ನೋಟಿಸ್ ಕೊಟ್ಟು, ಹೆಸರು ವಿಳಾಸ ತಿಳಿಸಿ ಎಂದರು.

ಹೆಚ್ಚುಕಡಿಮೆ ಒಂದೇ ಬಗೆಯ ಎರಡು ವಿಡಿಯೊಗಳು. ಒಂದಕ್ಕೆ ನಗು, ಇನ್ನೊಂದಕ್ಕೆ ನೋಟಿಸ್. ಇಲ್ಲಿ ನಾವು ಎರಡು ಬೇರೆ ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಅಣಕಿಸಿಕೊಂಡವರಿಗೆ ಅದು ಇಷ್ಟವಾಯಿತೇ ಎನ್ನುವುದು ಒಂದು. ನೋಡಿದವರು ಮೋಸಹೋದರೇ ಎನ್ನುವುದು ಇನ್ನೊಂದು. ಆ ಕುಣಿತವನ್ನು ನೋಡಿ, ಈ ನಾಯಕರು ನಿಜವಾಗಿ ಹೀಗೆ ಕುಣಿದರು ಎಂದು ನಂಬಿ, ಅದರ ಮೇಲೆ ಏನಾದರೂ ತೀರ್ಮಾನ ಮಾಡುವವರು ಇಲ್ಲವೇ ಇಲ್ಲ ಎನ್ನಬಹುದು. ನಾಯಕರಿಗೆ ಬೇಸರವಾಗಿರಬಹುದು, ಆದರೆ ಬೇಸರವಾದ ಮಾತ್ರಕ್ಕೆ ಅಣಕು ಸುಳ್ಳುಸುದ್ದಿಯಾಗುವುದಿಲ್ಲ. ಹಾಗೆಯೇ ಅವರು ನಕ್ಕುಬಿಟ್ಟರೆಂದು ಸುಳ್ಳುಸುದ್ದಿ ಅಣಕೂ ಆಗುವುದಿಲ್ಲ.

ಎರಡು: ಹೂಡಿಕೆ ಕೇಳಿದ ಮೂರ್ತಿ

ಈಗ ಮೊದಲಿನ ವಿಡಿಯೊಗೆ ಹಿಂತಿರುಗೋಣ. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ, ನಗು ಇಲ್ಲ. ಮೂರ್ತಿಯವರು ಹೇಗೆ ಮಾತಾಡುತ್ತಾರೋ ಆದಷ್ಟು ಹಾಗೇ ಇರಲಿ ಎನ್ನುವುದು ಮಾಡಿದವರ ಪ್ರಯತ್ನ. ಕೆಳಗೆ ಒಂದು ಲಿಂಕ್. ಅದನ್ನು ಒತ್ತಿ ಫೋನ್ ನಂಬರ್ ಕೊಟ್ಟರೆ ‘ಹೂಡಿಕೆ ಸಲಹೆಗಾರ’ರ ಕರೆ ಬರುತ್ತದೆ. ಮೊದಲು ಸಣ್ಣ ಮೊತ್ತ ಹಾಕಿಸುತ್ತಾರೆ, ಆ್ಯಪ್‌ನಲ್ಲಿ ಲಾಭ ಏರುತ್ತಿರುವುದನ್ನು ತೋರಿಸುತ್ತಾರೆ, ಒಮ್ಮೊಮ್ಮೆ ಸ್ವಲ್ಪ ಹಣ ವಾಪಸ್ ಕೊಟ್ಟು ನಂಬಿಕೆ ಬೆಳೆಸುತ್ತಾರೆ. ದೊಡ್ಡ ಮೊತ್ತ ಹೋದ ಮೇಲೆ ಕರೆ ನಿಲ್ಲುತ್ತದೆ. 2024ರ ನವೆಂಬರ್‌ನಲ್ಲಿ ಬಂದ ವರದಿಗಳ ಪ್ರಕಾರ, ನಾರಾಯಣ ಮೂರ್ತಿ ಮತ್ತು ಮುಕೇಶ್ ಅಂಬಾನಿ ಅವರ ಇಂಥ ನಕಲಿ ವಿಡಿಯೊ ನಂಬಿ ನಮ್ಮ ಬೆಂಗಳೂರಿನ ಇಬ್ಬರು ಕಳೆದುಕೊಂಡದ್ದು ಒಟ್ಟು 80 ಲಕ್ಷ ರೂಪಾಯಿಗೂ ಹೆಚ್ಚು.

ಈ ಎರಡನ್ನೂ ಒಂದೇ ಪರೀಕ್ಷೆಗೆ ಒಡ್ಡಿ ನೋಡಿ. ವಿಡಿಯೊ ಶುರುವಾಗುವ ಮೊದಲೇ ನೋಡುವವರ ಕಿವಿಯಲ್ಲಿ ‘ಇದು ನಿಜವಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ್ದು’ ಎಂದು ಹೇಳಿಬಿಡಿ. ಆಮೇಲೂ ಅದು ತನ್ನ ಕೆಲಸ ಮಾಡುತ್ತದೆಯೇ? ಕುಣಿತದ ವಿಡಿಯೊ ಮಾಡುತ್ತದೆ, ನಗು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮೂರ್ತಿಯವರ ವಿಡಿಯೊ ಅಲ್ಲೇ ಸತ್ತುಹೋಗುತ್ತದೆ, ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅಣಕಿಗೆ ನೋಡುವವರು ಸತ್ಯ ತಿಳಿದಿರಬೇಕು. ಮೋಸಕ್ಕೆ ನೋಡುವವರು ಸತ್ಯ ತಿಳಿದಿರಬಾರದು. ನಾವು ಹುಡುಕುತ್ತಿದ್ದ ಗೆರೆ ಬಹುಮಟ್ಟಿಗೆ ಇದೇ.

ಮೂರು: ಲಿಫ್ಟ್‌ಗೆ ಬಂದ ರಶ್ಮಿಕಾ

ಬಹುಮಟ್ಟಿಗೆ ಎಂದೆನಲ್ಲ, ಅದಕ್ಕೆ ಕಾರಣ ಈ ಮೂರನೆಯ ಪ್ರಸಂಗ. 2023ರ ನವೆಂಬರ್ ಮೊದಲ ವಾರ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಲಿಫ್ಟ್ ಒಳಗೆ ಬರುವಂತೆ ಕಾಣುವ ವಿಡಿಯೊ ಹರಡಿತು. ಅದು ಅವರಲ್ಲ ಎಂದು ಅಭಿಷೇಕ್ ಎಂಬ ಪತ್ರಕರ್ತರು ಎಕ್ಸ್‌ನಲ್ಲಿ ತೋರಿಸಿಕೊಟ್ಟರು. ಅಸಲಿ ವಿಡಿಯೊ ಬ್ರಿಟನ್‌ನಲ್ಲಿರುವ ಭಾರತೀಯ ಮೂಲದ ಬೇರೊಬ್ಬ ಯುವತಿಯದು. ಅವರು ಅದನ್ನು ಅಕ್ಟೋಬರ್‌ನಲ್ಲೇ ತಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದರು. ನಕಲಿ ವಿಡಿಯೊದ ಮೊದಲ ಸೆಕೆಂಡಿನಲ್ಲಿ, ಆಕೆ ಒಳಗೆ ಕಾಲಿಡುವಾಗ, ಆಕೆಯ ಸ್ವಂತ ಮುಖವೇ ಕಂಡು ಥಟ್ಟನೆ ಬದಲಾಗುತ್ತಿತ್ತು.

ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ 2024ರ ಜನವರಿಯಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಯುವ ಎಂಜಿನಿಯರ್ ಒಬ್ಬನನ್ನು ಬಂಧಿಸಿದರು. ಪೊಲೀಸರು ಹೇಳಿದಂತೆ, ಅವನು ಆ ನಟಿಯ ಅಭಿಮಾನಿ ಪುಟ ನಡೆಸುತ್ತಿದ್ದವನು. ಪುಟಕ್ಕೆ ಫಾಲೋವರ್ಸ್ ಹೆಚ್ಚಲಿ ಎಂದು ವಿಡಿಯೊ ಮಾಡಿದ್ದ. ಗಲಾಟೆ ಎದ್ದಾಗ ಹೆದರಿ ಅಳಿಸಿಹಾಕಿದ್ದ.

ಇಲ್ಲಿ ಯಾರ ಹಣವೂ ಹೋಗಲಿಲ್ಲ, ಯಾವ ಭಾಷಣವನ್ನೂ ತಿರುಚಲಿಲ್ಲ. ಮಾಡಿದವನು ಶತ್ರುವಲ್ಲ, ಅಭಿಮಾನಿ. ಆದರೂ ನಮ್ಮ ಪರೀಕ್ಷೆಯಲ್ಲಿ ಇದು ಅಣಕಿನ ಕಡೆ ನಿಲ್ಲುವುದಿಲ್ಲ. ಇದರಲ್ಲಿ ನಗುವಂಥದ್ದು, ಟೀಕಿಸುವಂಥದ್ದು ಏನೂ ಇರಲಿಲ್ಲ. ಇದು ರಶ್ಮಿಕಾ ಎಂದು ನಂಬಿದ್ದರಿಂದಲೇ ಜನ ನೋಡಿದರು. ಜೊತೆಗೆ ಇಲ್ಲಿ ಇನ್ನೊಂದು ಹಾನಿ ಇದೆ, ಅದು ಮೋಸದ ಲೆಕ್ಕಕ್ಕೆ ಸಿಗುವುದಿಲ್ಲ. ಒಬ್ಬ ಹೆಣ್ಣುಮಗಳ ಮುಖವನ್ನು ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬಳ ದೇಹಕ್ಕೆ ಅಂಟಿಸಿ ಮಾನಕ್ಕೆ ಕುಂದು ತರುವುದು. ಕೆಳಗೆ ‘ನಕಲಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಈ ಹಾನಿ ತಪ್ಪುವುದಿಲ್ಲ. ಇಬ್ಬರು ಮಹಿಳೆಯರಿಗೂ ಇಲ್ಲಿ ಅನ್ಯಾಯವಾಗಿದೆ. ಆದ್ದರಿಂದ ‘ತಮಾಷೆಗೆ ಮಾಡಿದೆ’, ‘ಅಭಿಮಾನಕ್ಕೆ ಮಾಡಿದೆ’ ಎನ್ನುವ ಉದ್ದೇಶವೊಂದೇ ಯಾರನ್ನೂ ಕಾಪಾಡದು.

ನಂಬುವವರು ಯಾರು?

2025ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಿದ್ಧಪಡಿಸಿದ ಸುಳ್ಳು ಮಾಹಿತಿ ತಡೆ ಮಸೂದೆಯ ಕರಡು ಚರ್ಚೆಗೆ ಬಂತು. ಅದರಲ್ಲಿ ತಪ್ಪು ಮಾಹಿತಿಯ ವ್ಯಾಖ್ಯೆಯಿಂದ ವಿಡಂಬನೆ, ಹಾಸ್ಯ, ಅಣಕುಗಳನ್ನು ಹೊರಗಿಡಲಾಗಿತ್ತು. ಆದರೆ ಒಂದು ಷರತ್ತು ಇತ್ತು: ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅದನ್ನು ವಾಸ್ತವ ಸಂಗತಿ ಎಂದು ತಿಳಿಯುವಂತಿರಬಾರದು. ಸುಳ್ಳುಸುದ್ದಿಗೆ ಏಳು ವರ್ಷದವರೆಗೆ ಸೆರೆ ಎಂಬ ಪ್ರಸ್ತಾಪವೂ ಆ ಕರಡಿನಲ್ಲಿತ್ತು. ಯಾವುದು ಸುಳ್ಳು ಎಂದು ಸರ್ಕಾರವೇ ತೀರ್ಮಾನಿಸಿದರೆ ಟೀಕೆಗೂ ಕುತ್ತು ಎಂದು ಅನೇಕರು ವಿರೋಧಿಸಿದರು. ಕೋಲ್ಕತ್ತದ ನೋಟಿಸ್ ನೆನೆದರೆ ಆ ಭಯಕ್ಕೆ ಕಾರಣ ಇಲ್ಲದಿಲ್ಲ. ಮಸೂದೆಯ ಗತಿ ಏನೇ ಇರಲಿ, ಆ ಷರತ್ತು ಸರಿಯಾದ ಪ್ರಶ್ನೆಯನ್ನು ಮುಟ್ಟಿದೆ. ತೂಗಬೇಕಾದದ್ದು ನೋಡುವವರು ಏನು ತಿಳಿಯುತ್ತಾರೆ ಎನ್ನುವುದನ್ನು.

ಹಾಗಾದರೆ ಆ ಸಾಮಾನ್ಯ ವ್ಯಕ್ತಿ ಯಾರು? ದಿನವಿಡೀ ರೀಲ್ಸ್ ನೋಡುವ ಹದಿನೇಳರ ಹುಡುಗನೇ? ಮಗ್ಗುಲ ಮನೆಯ ಖಾಲಾ ಅವರೇ? ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪತ್ರಿಕೆಯಲ್ಲಿ ಬಂದಂತೆಯೇ ಓದುವ ಅಜ್ಜನೇ? ಇಲ್ಲೇ ನಿಜವಾದ ತೊಡಕಿರುವುದು. ಒಂದು ವಿಡಿಯೊ ಅಣಕು ಪುಟದಲ್ಲಿ ಇರುವಾಗ ಪುಟದ ಹೆಸರು, ಕೆಳಗಿನ ಸಾಲು, ನಗುವ ಕಾಮೆಂಟುಗಳು ಎಲ್ಲ ಸೇರಿ ಅದಕ್ಕೊಂದು ಚೌಕಟ್ಟು ಕಟ್ಟಿರುತ್ತವೆ. ಯಾರೋ ಅದನ್ನು ಡೌನ್‌ಲೋಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಾಗ ವಿಡಿಯೊ ಮಾತ್ರ ಬರುತ್ತದೆ, ಚೌಕಟ್ಟು ಅಲ್ಲೇ ಉಳಿಯುತ್ತದೆ. ಮೂರನೆಯ ಗ್ರೂಪು ತಲುಪುವ ಹೊತ್ತಿಗೆ ಅಣಕು ಸುದ್ದಿಯಾಗಿರುತ್ತದೆ. ಮಾಡಿದವನು ಮೋಸ ಮಾಡಿಲ್ಲ, ಕಳಿಸಿದವನೂ ಮಾಡಿಲ್ಲ ಎಂದುಕೊಂಡಿರುತ್ತಾನೆ, ಆದರೂ ಕೊನೆಯಲ್ಲಿ ಯಾರೋ ಮೋಸಹೋಗಿರುತ್ತಾರೆ.

ಕೇಂದ್ರ ಸರ್ಕಾರ 2026ರ ಫೆಬ್ರವರಿಯಲ್ಲಿ ಜಾರಿಗೆ ತಂದ ಐಟಿ ನಿಯಮಗಳ ತಿದ್ದುಪಡಿ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಇಂಥ ದೃಶ್ಯಗಳಿಗೆ ಸ್ಪಷ್ಟ ಗುರುತು ಇರಬೇಕು ಎನ್ನುತ್ತದೆ. ಶಾಯಿಯ ಕಾಲದಲ್ಲಿ ತಾನಾಗಿಯೇ ಇದ್ದ ಚೀಟಿಯನ್ನು ಈಗ ಕೈಯಾರೆ ಅಂಟಿಸಬೇಕಾಗಿದೆ. ಆದರೆ ಗುರುತು ಹಾಕಿದರೆ ಎಲ್ಲವೂ ಅಣಕಾಗುತ್ತದೆ ಎಂದಲ್ಲ. ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ‘ಕಾಲ್ಪನಿಕ’ ಎಂದು ಬರೆದು, ಉಳಿದದ್ದನ್ನೆಲ್ಲ ನಂಬಿಸಲೆಂದೇ ಮಾಡಿದ್ದರೆ ಅದು ಗುರುತಲ್ಲ, ನೆಪ.

ಕಾಲೇಜ್ ಡೇಗೆ ಒಂದು ವಿಡಿಯೊ

ಈಗ ಒಂದು ಊಹೆಯ ಉದಾಹರಣೆಯನ್ನು ಬಿಡಿಸೋಣ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಕಾಲೇಜ್ ಡೇಗೆ ಒಂದು ಅಣಕು ವಿಡಿಯೊ ಮಾಡಬೇಕು. ಒಬ್ಬ ಮಂತ್ರಿಯ ಮುಖವನ್ನು ವಿದ್ಯಾರ್ಥಿಯೊಬ್ಬನ ಮೈಗೆ ಹಾಕಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೂರು ದಿನದಿಂದ ಸಿಕ್ಕಿಕೊಂಡು, ಬಾನೆಟ್ ಮೇಲೆ ಬಿರಿಯಾನಿ ಮಾಡಿಕೊಳ್ಳುವಂತೆ ತೋರಿಸುತ್ತೇವೆ. ಇದು ಅಣಕು. ದೃಶ್ಯವೇ ಅಸಂಭವ, ಗುರಿ ಆಡಳಿತ, ನಿಜ ಹೇಳಿದರೂ ನಗು ಉಳಿಯುತ್ತದೆ.

ಅದೇ ವಿಡಿಯೊದಲ್ಲಿ ಮಂತ್ರಿ ನಿಜವಾದ ಸುದ್ದಿವಾಹಿನಿಯ ಲೋಗೊ ಮುಂದೆ ನಿಂತು, ಸೋಮವಾರ ಹೊಸೂರು ರಸ್ತೆಯ ಎಲ್ಲ ಕಾಲೇಜಿಗೂ ರಜೆ ಎಂದು ಗಂಭೀರವಾಗಿ ಹೇಳಿದರೆ? ನಮಗೆ ಅದು ತಮಾಷೆಯೇ. ಆದರೆ ಆ ಮಾತು ಸಂಭವನೀಯ, ದಿನಾಂಕವಿದೆ, ಲೋಗೊ ಇದೆ, ಕೇಳಿದವರು ಏನಾದರೂ ಮಾಡುವಂತಿದೆ. ಆ ಹತ್ತು ಸೆಕೆಂಡನ್ನು ಕತ್ತರಿಸಿ ಕಳಿಸಿದರೆ ಸೋಮವಾರ ಎಷ್ಟೋ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಇಲ್ಲಿ ನಾವು ಗೆರೆ ದಾಟಿದ್ದೇವೆ.

ಈ ಎರಡರ ಅಂತರದಿಂದ ಕೆಲಸಕ್ಕೆ ಬರುವ ಸೂತ್ರ ಸಿಗುತ್ತದೆ. ಅಸಂಭವವನ್ನೇ ತೋರಿಸಿ. ರಜೆ, ಪರೀಕ್ಷೆ, ಹಣ, ಮತದಾನ, ಗಲಭೆ ಇವುಗಳ ಬಗ್ಗೆ ಯಾರ ಬಾಯಲ್ಲೂ ನಂಬುವಂಥ ಮಾತು ಇಡಬೇಡಿ. ಸುದ್ದಿವಾಹಿನಿಯ, ಸರ್ಕಾರಿ ಇಲಾಖೆಯ ಗುರುತು ಬಳಸಬೇಡಿ. ‘ಅಣಕು ವಿಡಿಯೊ’ ಎಂಬ ಅಕ್ಷರಗಳನ್ನು ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದ ಒಳಗೇ, ಮೊದಲಿನಿಂದ ಕೊನೆವರೆಗೆ, ಕತ್ತರಿಸಲಾಗದ ಜಾಗದಲ್ಲಿ ಇರಲಿ. ಇನ್ನು ಸಹಪಾಠಿಗಳು, ನಮ್ಮ ಸರ್, ಮೇಡಂ ಯಾರೂ ಸಾರ್ವಜನಿಕ ವ್ಯಕ್ತಿಗಳಲ್ಲ. ಅಧಿಕಾರದಲ್ಲಿರುವವರನ್ನು ಅಣಕಿಸಲು ಇರುವ ಸಲುಗೆ ಅವರ ವಿಷಯದಲ್ಲಿ ಇಲ್ಲ. ಅವರ ಮುಖ ಬಳಸುವ ಮೊದಲು ಕೇಳಲೇಬೇಕು.

ನಮಗೇ ಬಂದಾಗ

ಕಣ್ಣು ಮಿಟುಕಿಸುವುದಿಲ್ಲ, ಗಲ್ಲದ ಅಂಚು ಮಸುಕು, ಹಲ್ಲು ಸರಿಯಿಲ್ಲ ಎಂದು ಗುರುತು ಹಿಡಿಯುವ ಕಾಲ ಮುಗಿಯುತ್ತಿದೆ. ಕೈ ಮುಖದ ಮುಂದೆ ಬಂದಾಗ ಅಥವಾ ತಲೆ ಪೂರ್ತಿ ಪಕ್ಕಕ್ಕೆ ತಿರುಗಿದಾಗ ಈಗಲೂ ಕೆಲವೊಮ್ಮೆ ಮುಖ ಜಾರುತ್ತದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ವಿಡಿಯೊದಲ್ಲಿ ಅಸಲಿ ಮುಖವೂ ಮಸುಕಾಗಿಯೇ ಇರುತ್ತದೆ. ರಶ್ಮಿಕಾ ಪ್ರಸಂಗ ಬಯಲಾದ ದಾರಿಯೇ ಹೆಚ್ಚು ಗಟ್ಟಿ: ಅಸಲಿ ವಿಡಿಯೊವನ್ನು ಹುಡುಕುವುದು. ವಿಡಿಯೊ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಬಟ್ಟೆ, ಅದೇ ಹಿನ್ನೆಲೆಯ ಹಳೆಯ ದೃಶ್ಯ ಹಲವು ಸಲ ಸಿಗುತ್ತದೆ. ಸಿಗದಿದ್ದರೆ, ಆ ವ್ಯಕ್ತಿಯ ಅಧಿಕೃತ ಖಾತೆಯಲ್ಲಿ ಈ ಮಾತು ಇದೆಯೇ ನೋಡಿ. ಅಷ್ಟು ದೊಡ್ಡವರು ಅಷ್ಟು ದೊಡ್ಡ ಮಾತು ಆಡಿದ್ದರೆ ಅದು ನಮ್ಮ ಗ್ರೂಪಿಗೆ ಮಾತ್ರ ಬಂದಿರಲು ಸಾಧ್ಯವಿಲ್ಲ.

ಮನೆಯಲ್ಲಿ ಯಾರಾದರೂ ಈಗಾಗಲೇ ಹಣ ಹಾಕಿದ್ದರೆ ನಾಚಿಕೆಯಿಂದ ಸುಮ್ಮನಿರಲು ಬಿಡಬೇಡಿ. 1930ಕ್ಕೆ ಕರೆ ಮಾಡಿಸಿ, cybercrime.gov.in ನಲ್ಲಿ ದೂರು ದಾಖಲಿಸಿ. ಎಷ್ಟು ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ವಿಡಿಯೊ, ಲಿಂಕ್, ಬಂದ ನಂಬರ್ ಯಾವುದನ್ನೂ ಅಳಿಸಬೇಡಿ, ಅವೇ ಸಾಕ್ಷಿ.

ಮುಂದಿನ ಸಲ ಮುಖ ಬದಲಿಸಿದ ವಿಡಿಯೊ ಒಂದನ್ನು ಕಳಿಸುವ ಮುನ್ನ, ಅದನ್ನು ಚೌಕಟ್ಟಿಲ್ಲದೆ ನೋಡಲಿರುವ ಒಬ್ಬ ವ್ಯಕ್ತಿಯನ್ನು ನೆನೆದುಕೊಳ್ಳಿ. ಅವರು ನಗುತ್ತಾರೆ ಎನಿಸಿದರೆ ಕಳಿಸಿ. ನಂಬುತ್ತಾರೆ ಎನಿಸಿದರೆ ಅಲ್ಲೇ ನಿಲ್ಲಿಸಿ.